ತೊಟ್ಟಿಲು ತೂಗುವ ಲಯಕ್ಕೆ ಜೋಗುಳ ಹಾಡುವುದು ಹೇಗೆ

ಗೊತ್ತೇ ಇಲ್ಲದ ಭಾಷೆಯ ಹಾಡೊಂದು ಕಿವಿಗೆ ಬಿದ್ದರೆ, ಅದು ಜೋಗುಳವೋ ಕುಣಿತದ ಹಾಡೋ ಎಂದು ಹೇಳಬಹುದಾ? ಹೇಳಬಹುದು. ಸ್ಯಾಮ್ಯುಯೆಲ್ ಮೆಹ್ರ್ ಎಂಬ ಸಂಶೋಧಕ ಮತ್ತು ಅವರ ಜೊತೆಗಾರರು 2018ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಲೋಕದ ಬೇರೆ ಬೇರೆ ಮೂಲೆಗಳ 86 ಸಮಾಜಗಳಿಂದ 118 ಹಾಡುಗಳನ್ನು ಆರಿಸಿಕೊಂಡರು. ಪ್ರತಿ ಹಾಡಿನಿಂದ 14 ಸೆಕೆಂಡಿನ ಒಂದೊಂದು ತುಣುಕು ತೆಗೆದು, 60 ದೇಶಗಳ 750 ಜನರಿಗೆ ಕೇಳಿಸಿದರು. ಕೇಳಿದವರಿಗೆ ಭಾಷೆ ಗೊತ್ತಿರಲಿಲ್ಲ, ಹಾಡಿದವರು ಯಾರು ಅಂತಲೂ ಗೊತ್ತಿರಲಿಲ್ಲ. ಆದರೂ ಮಗು ಮಲಗಿಸುವ ಹಾಡು ಯಾವುದು, ಕುಣಿಯುವ ಹಾಡು ಯಾವುದು ಎಂದು ಅವರು ಚೆನ್ನಾಗಿಯೇ ಗುರುತಿಸಿದರು. ಪ್ರೇಮಗೀತೆಗಳನ್ನು ಗುರುತಿಸುವುದಕ್ಕೆ ಮಾತ್ರ ತಡಕಾಡಿದರು.

ದೊಡ್ಡವರ ಮಾತು ಹಾಗಿರಲಿ, ಮಗುವಿಗೆ ಏನನ್ನಿಸುತ್ತದೆ? ಇದೇ ತಂಡ 2021ರಲ್ಲಿ ಅದನ್ನೂ ನೋಡಿತು. ಸುಮಾರು ಏಳು ತಿಂಗಳ 144 ಅಮೆರಿಕನ್ ಮಕ್ಕಳಿಗೆ, ಅವರು ಹಿಂದೆಂದೂ ಕೇಳದ ಭಾಷೆಗಳ ಹಾಡುಗಳನ್ನು ಹಾಕಿದರು. ಕೆಲವು ಜೋಗುಳ, ಕೆಲವು ಬೇರೆ ಹಾಡು. ಜೋಗುಳ ಬಂದಾಗ ಮಕ್ಕಳ ಹೃದಯಬಡಿತ ಹೆಚ್ಚು ಇಳಿಯಿತು, ಕಣ್ಣಿನ ಪಾಪೆಯೂ ಸಣ್ಣದಾಯಿತು. ಅಂದರೆ ಹಾಡಿನ ಪದಗಳಿಗಿಂತ ಮೊದಲೇ ಅದರ ನಡೆ ಮಗುವನ್ನು ತಲುಪುತ್ತದೆ. ನಿಧಾನ ಗತಿ, ಹೆಚ್ಚು ಏರಿಳಿತವಿಲ್ಲದ ರಾಗ, ಒಂದೇ ಸಮ ಬರುವ ತಾಳ, ಮತ್ತೆ ಮತ್ತೆ ಬರುವ ಮಾತು. ಇಷ್ಟೇ ಸಾಮಾನು.

ಈ ಸಾಮಾನನ್ನು ನಿಮ್ಮ ಮನೆಯಲ್ಲಿ, ಇವತ್ತು ರಾತ್ರಿ ಹೇಗೆ ಬಳಸಬೇಕು ಎನ್ನುವುದೇ ಈ ಲೇಖನ. ಮೂರು ನಾಲ್ಕು ತಿಂಗಳಿಂದ ಒಂದು ವರ್ಷದವರೆಗಿನ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅದಕ್ಕೆ ಮೊದಲು ತೊಟ್ಟಿಲಿನ ವಿಚಾರ ಸ್ವಲ್ಪ ಹೇಳಬೇಕು. ಯಾಕೆಂದರೆ ಹಾಡಿನ ವೇಗ ಎಷ್ಟಿರಬೇಕು ಎನ್ನುವುದಕ್ಕೆ ನಮ್ಮ ಕಡೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ತೊಟ್ಟಿಲೇ ತಾಳ ಹಾಕುತ್ತದೆ

ಜಂತಿಗೋ ಚಾವಣಿಯ ಕೊಕ್ಕೆಗೋ ಕಟ್ಟಿದ ಸೀರೆಯ ಜೋಲಿ ಒಂದು ಲೋಲಕ. ಗೋಡೆ ಗಡಿಯಾರದ ಲೋಲಕ ಹೇಗೋ ಇದೂ ಹಾಗೆಯೇ. ಲೋಲಕಕ್ಕೆ ಒಂದು ಗುಣವಿದೆ. ಅದು ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ಹಗ್ಗದ ಉದ್ದದ ಮೇಲೆ ನಿಂತಿದೆ. ಮಗು ಮೂರು ಕೆಜಿ ಇರಲಿ, ಒಂಬತ್ತು ಕೆಜಿ ಇರಲಿ, ಹೆಚ್ಚುಕಮ್ಮಿ ಅದೇ ಹೊತ್ತು. ಜೋರಾಗಿ ತಳ್ಳಿದರೂ ಮೆಲ್ಲಗೆ ತಳ್ಳಿದರೂ, ವಿಪರೀತ ಬೀಸದಿದ್ದರೆ, ಹೆಚ್ಚುಕಮ್ಮಿ ಅದೇ ಹೊತ್ತು.

ಒಂದು ಲೆಕ್ಕ ಹಾಕಿ ನೋಡೋಣ. ಕೊಕ್ಕೆಯಿಂದ ಮಗುವಿನ ಮೈವರೆಗೆ ಒಂದೂವರೆ ಮೀಟರ್ ಇದೆ ಎಂದುಕೊಳ್ಳಿ. ಆಗ ಜೋಲಿ ಆಚೆ ಹೋಗಿ ಈಚೆ ಬರಲು ಸುಮಾರು ಎರಡೂವರೆ ಸೆಕೆಂಡ್ ಬೇಕು. ಎರಡು ಮೀಟರ್ ಇದ್ದರೆ ಸುಮಾರು 2.8 ಸೆಕೆಂಡ್. ಅರ್ಧ ಮೀಟರ್ ಸರಪಳಿಯ ಸಣ್ಣ ಮರದ ತೊಟ್ಟಿಲಾದರೆ 1.4 ಸೆಕೆಂಡಿಗೇ ಒಂದು ಸುತ್ತು ಮುಗಿಯುತ್ತದೆ.

ಈಗ ಒಂದೂವರೆ ಮೀಟರಿನ ಜೋಲಿಗೆ ಹಾಡು ಕೂರಿಸಿ. ಆಚೆ ಹೋಗುವಾಗ ಒಂದು ‘ಜೋ ಜೋ’, ಈಚೆ ಬರುವಾಗ ಇನ್ನೊಂದು. ನಾಲ್ಕು ಬೀಸಿಗೆ ಒಂದು ಸಾಲು ಎಂದಾದರೆ, ಒಂದು ಸಾಲಿಗೆ ಐದು ಸೆಕೆಂಡ್. ಒಂದೇ ಉಸಿರಿನಲ್ಲಿ ಆರಾಮವಾಗಿ ಹೇಳಿ ಮುಗಿಸಬಹುದಾದಷ್ಟು ಉದ್ದ. ತೂಗುವವರ ಕೈ, ಹಾಡುವವರ ಉಸಿರು, ಮಗುವಿನ ಮೈಗೆ ಸಿಗುವ ಓಲಾಟ, ಮೂರೂ ಒಂದೇ ಅಳತೆಗೆ ಬರುತ್ತವೆ.

ಇದರಲ್ಲಿ ಇನ್ನೊಂದು ಸೊಗಸಿದೆ. ನಮ್ಮ ಅಜ್ಜಿಯರ ಕೈಯನ್ನು ಗಮನಿಸಿ ನೋಡಿದವರಿಗೆ ಇದು ಗೊತ್ತಿರುತ್ತದೆ. ಮಗು ಕಣ್ಣು ಮುಚ್ಚುತ್ತಾ ಬಂದಂತೆ ಅವರು ತಳ್ಳುವುದನ್ನು ಕಡಿಮೆ ಮಾಡುತ್ತಾರೆ. ಬೀಸು ಸಣ್ಣದಾಗುತ್ತದೆ. ಆದರೆ ಲೋಲಕದ ಗುಣದಿಂದಾಗಿ ತಾಳ ಬದಲಾಗುವುದಿಲ್ಲ. ಜೋಲಿ ಒಂದು ಗೇಣು ಮಾತ್ರ ಅಲುಗುತ್ತಿದ್ದರೂ ಎರಡೂವರೆ ಸೆಕೆಂಡ್ ಎಂದರೆ ಎರಡೂವರೆ ಸೆಕೆಂಡೇ. ಹಾಡೂ ಹಾಗೆಯೇ ಇಳಿಯುತ್ತದೆ. ದನಿ ಸಣ್ಣದಾಗುತ್ತದೆ, ಪದಗಳು ಕರಗಿ ಗುನುಗಾಗುತ್ತವೆ, ಆದರೆ ತಾಳ ಅಲುಗುವುದಿಲ್ಲ. ಮಗು ಮಲಗಿಸಲು ಹಾಡುವವರು ಮುಖ್ಯವಾಗಿ ಕಲಿಯಬೇಕಾದ್ದು ಇದೊಂದೇ ಎನ್ನುವುದು ನನ್ನ ಅಭಿಪ್ರಾಯ. ದನಿ ಇಳಿಸಿ, ತಾಳ ಬಿಡಬೇಡಿ.

ಹಾಗಂತ ಲೋಕದ ಜೋಗುಳಗಳೆಲ್ಲ ತೊಟ್ಟಿಲಿನಿಂದಲೇ ಹುಟ್ಟಿದವು ಎಂದಲ್ಲ. ಆಫ್ರಿಕಾದ ಅನೇಕ ಕಡೆ, ಹಳೆಯ ಜಪಾನಿನಲ್ಲಿ, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ಅಲ್ಲಿ ತಾಳ ಹಾಕುವುದು ಹೆಜ್ಜೆ. ಇನ್ನು ಕೆಲವು ಕಡೆ ತೊಡೆಯ ಮೇಲಿನ ಓಲಾಟ, ಬೆನ್ನ ಮೇಲಿನ ತಟ್ಟು. ಎಲ್ಲ ಕಡೆಯೂ ಒಂದು ನಿಧಾನದ, ಸಮನಾದ ಚಲನೆ ಮೊದಲಿದೆ, ಹಾಡು ಅದರ ಮೇಲೆ ಕೂತಿದೆ. ಹುಟ್ಟಿ ಎರಡು ಮೂರು ದಿನದ ಹಸುಗೂಸಿನ ಮಿದುಳು ಕೂಡ ತಾಳದ ಪೆಟ್ಟು ತಪ್ಪಿದರೆ ಗುರುತಿಸುತ್ತದೆ ಎಂದು 2009ರ ಒಂದು ಅಧ್ಯಯನ ತೋರಿಸಿತು. ನಿದ್ದೆಯಲ್ಲಿದ್ದ ಮಕ್ಕಳಿಗೆ ತಾಳ ಕೇಳಿಸಿ, ಮಿದುಳಿನ ಅಲೆಗಳನ್ನು ಅಳೆದು ನೋಡಿದ್ದರು. ಅಂಥ ಕಿವಿಗೆ, ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಮೊದಲೇ ಗೊತ್ತಾಗುವ ಹಾಡು ಎಷ್ಟು ಹಿತ ಅಲ್ವಾ?

ಅದೇ ಮಾತು ಮತ್ತೆ ಮತ್ತೆ ಯಾಕೆ

ನಮಗೆ ‘ಜೋ ಜೋ’, ‘ಲಾಲಿ ಲಾಲಿ’. ತೆಲುಗಿನವರಿಗೂ ಮರಾಠಿಯವರಿಗೂ ‘ಜೋ ಜೋ’. ತಮಿಳರಿಗೆ ‘ಆರಾರೋ’. ರಷ್ಯನ್ನರಿಗೆ ‘ಬಾಯು ಬಾಯು’, ತುರ್ಕಿಯಲ್ಲಿ ‘ನಿನ್ನಿ ನಿನ್ನಿ’, ಇಟಲಿಯಲ್ಲಿ ‘ನಿನ್ನಾ ನನ್ನಾ’, ಇರಾನಿನಲ್ಲಿ ‘ಲಾಲಾ ಲಾಲಾ’. ಇವನ್ನೆಲ್ಲ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಹೆಚ್ಚಿನವುಗಳಲ್ಲಿ ನಾಲಿಗೆಗೆ ಕಷ್ಟದ ಕೆಲಸವೇ ಇಲ್ಲ. ಸ್ವರವನ್ನು ಎಳೆದಷ್ಟೂ ಬರುತ್ತದೆ. ಅರೆನಿದ್ದೆಯಲ್ಲಿರುವ ತಾಯಿಗೂ ಹೇಳಲು ಬರುವ ಮಾತುಗಳು ಇವು.

ಪುನರಾವರ್ತನೆ ಎರಡು ಕಡೆ ಕೆಲಸ ಮಾಡುತ್ತದೆ. ಮಗುವಿನ ಕಡೆಯಿಂದ ನೋಡಿದರೆ, ಹೊಸ ಸದ್ದು ಬಂದಾಗಲೆಲ್ಲ ಅದು ಎಚ್ಚೆತ್ತು ಗಮನ ಕೊಡುತ್ತದೆ. ಅದೇ ಸದ್ದು ಮತ್ತೆ ಮತ್ತೆ ಬಂದರೆ ಗಮನ ಕೊಡುವುದನ್ನು ಬಿಡುತ್ತದೆ. ಆಟದ ಹಾಡಿನಲ್ಲಿ ತಟ್ಟನೆ ದನಿ ಏರಿಸುತ್ತೇವೆ, ಕೊನೆಗೆ ‘ಹೋ!’ ಎಂದು ಕಚಗುಳಿ ಇಡುತ್ತೇವೆ. ಅದು ಎಬ್ಬಿಸುವ ಹಾಡು. ಜೋಗುಳದಲ್ಲಿ ಬೆಚ್ಚಿಬೀಳುವಂಥದ್ದು ಏನೂ ಬರುವುದಿಲ್ಲ.

ಹಾಡುವವರ ಕಡೆಯಿಂದ ನೋಡಿದರೆ, ಉದ್ದ ಎಳೆದು ಹಾಡುವಾಗ ಉಸಿರು ನಿಧಾನವಾಗಿ ಹೊರಗೆ ಹೋಗುತ್ತದೆ. ಉಸಿರು ಬಿಡುವಾಗ ಹೃದಯಬಡಿತ ತುಸು ಇಳಿಯುವುದು ಮೈಯ ಸಹಜ ಗುಣ. ಸಾಲು ಸಾಲಾಗಿ ಹೀಗೆ ಹಾಡಿದರೆ ಅಮ್ಮನಿಗೂ ಅಪ್ಪನಿಗೂ ಗಡಿಬಿಡಿ ಇಳಿಯುತ್ತದೆ. ಮಗು ನಿಮ್ಮ ಎದೆಗೆ ಒರಗಿರುವಾಗ ಇದು ಸಣ್ಣ ವಿಷಯವಲ್ಲ. ಬಿಗಿದ ಭುಜ, ಅವಸರದ ಉಸಿರು, ಎರಡನ್ನೂ ಮಗು ಗುರುತಿಸುತ್ತದೆ.

ಸಾಹಿತ್ಯದ ಅರ್ಥಕ್ಕೆ ಇಲ್ಲಿ ಮಗುವಿನ ಮಟ್ಟಿಗೆ ಬೆಲೆ ಕಡಿಮೆ. ಅದಕ್ಕೇ ಎಷ್ಟೋ ನಾಡಿನ ಜೋಗುಳಗಳಲ್ಲಿ ತಾಯಂದಿರು ತಮ್ಮ ಕಷ್ಟ ತೋಡಿಕೊಂಡಿದ್ದಾರೆ. ಜಪಾನಿನಲ್ಲಿ ಬಡವರ ಮನೆಯ ಎಳೆಯ ಹುಡುಗಿಯರನ್ನು ಸಿರಿವಂತರ ಮಕ್ಕಳನ್ನು ಎತ್ತಿಕೊಳ್ಳುವ ಕೆಲಸಕ್ಕೆ ಕಳಿಸುತ್ತಿದ್ದರು. ಅವರು ಹಾಡಿದ ಜೋಗುಳಗಳಲ್ಲಿ ಮನೆಯ ನೆನಪು, ಹಸಿವು, ಅಳು ತುಂಬಿದೆ. ಸ್ಪೇನಿನ ಕವಿ ಲೋರ್ಕಾ 1928ರಲ್ಲಿ ತನ್ನ ನಾಡಿನ ಜೋಗುಳಗಳ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಅವುಗಳಲ್ಲಿರುವ ದುಃಖ ಎಲ್ಲಿಂದ ಬಂತು ಎನ್ನುವುದೇ ಅವನ ಪ್ರಶ್ನೆಯಾಗಿತ್ತು. ನಿಮಗೂ ದಣಿವಾಗಿದ್ದರೆ, ಅದನ್ನೇ ರಾಗ ಮಾಡಿ ಹಾಡಿಬಿಡಿ. ‘ಬೆನ್ನು ನೋಯ್ತಿದೆ ಜೋ ಜೋ’ ಎಂದರೂ ಮಗುವಿಗೆ ಹಿತವೇ.

ಈಗ ಮಾಡುವ ಕ್ರಮ

ಮೊದಲು ಒಂದೇ ಒಂದು ಹಾಡು ಆರಿಸಿಕೊಳ್ಳಿ. ಒಂದೇ. ಮನೆಯಲ್ಲಿ ಅಜ್ಜಿಗೆ ಬರುವ ಹಾಡಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ತೊಟ್ಟಿಲ ಶಾಸ್ತ್ರದ ದಿನ ಹೆಂಗಸರು ಹಾಡಿದ್ದರ ಎರಡು ಸಾಲು ನೆನಪಿದ್ದರೆ ಸಾಕು. ಏನೂ ಬರುವುದಿಲ್ಲ ಎನ್ನುವವರು ಸುಮ್ನೆ ಹೀಗೆ ಒಂದು ಕಟ್ಟಿಕೊಳ್ಳಬಹುದು:

ಜೋ ಜೋ ಪುಟ್ಟ ಜೋ ಜೋ
ಕರುವು ಮಲಗ್ತು ಜೋ ಜೋ
ಕಾಗೆ ಮಲಗ್ತು ಜೋ ಜೋ
ಪುಟ್ಟ ಮಲಗೋ ಜೋ ಜೋ

ಸಾಲು ಚಿಕ್ಕದಿರಲಿ. ಕೊನೆ ಎಲ್ಲದಕ್ಕೂ ಒಂದೇ ಇರಲಿ. ನಡುವಿನ ಒಂದು ಪದ ಮಾತ್ರ ಬದಲಾಗಲಿ. ಕರುವಿನ ಜಾಗದಲ್ಲಿ ಬೆಕ್ಕು, ಬಸ್ಸು, ಬೀದಿ ದೀಪ, ಪಕ್ಕದ ಮನೆ ಅಜ್ಜ, ಯಾರನ್ನು ಬೇಕಾದರೂ ಮಲಗಿಸಬಹುದು. ಇದರಿಂದ ಸಾಹಿತ್ಯ ಮರೆಯಿತು ಎಂಬ ತೊಂದರೆಯೇ ಇಲ್ಲ. ರಾಗವೂ ಮೂರು ನಾಲ್ಕು ಸ್ವರಗಳೊಳಗೇ ಇರಲಿ, ಸಾಲಿನ ಕೊನೆ ಕೆಳಗೆ ಇಳಿಯಲಿ. ಮೇಲಕ್ಕೆ ಏರಿ ನಿಂತರೆ ಪ್ರಶ್ನೆ ಕೇಳಿದ ಹಾಗಾಗುತ್ತದೆ, ಮಗು ಕಣ್ಣು ಬಿಟ್ಟು ನೋಡುತ್ತದೆ.

ಸಿನಿಮಾದ ಲಾಲಿ ಹಾಡು ಆಗುತ್ತದಾ ಎಂದರೆ, ಆಗುತ್ತದೆ. ಆದರೆ ಪಲ್ಲವಿ ಮಾತ್ರ ಇಟ್ಟುಕೊಳ್ಳಿ. ಚರಣದಲ್ಲಿ ರಾಗ ಮೇಲೆ ಹಾರುತ್ತದೆ, ನಿಮ್ಮ ದನಿಯೂ ಜೊತೆಗೆ ಹಾರುತ್ತದೆ. ಹಾಡು ಯಾವುದು ಎನ್ನುವುದಕ್ಕಿಂತ ಹಾಡುವ ಬಗೆ ಮುಖ್ಯ. ಕೆನಡಾದ ಸಂಶೋಧಕರು 2020ರಲ್ಲಿ ಹತ್ತು ತಿಂಗಳ ಆಸುಪಾಸಿನ ಮಕ್ಕಳ ತಾಯಂದಿರಿಗೆ ಒಂದೇ ಹಾಡನ್ನು ಎರಡು ರೀತಿ ಹಾಡಲು ಹೇಳಿದರು. ಒಮ್ಮೆ ಆಟದ ಧಾಟಿಯಲ್ಲಿ, ಒಮ್ಮೆ ಸಮಾಧಾನದ ಧಾಟಿಯಲ್ಲಿ. ಹಾಡು ‘ಟ್ವಿಂಕಲ್ ಟ್ವಿಂಕಲ್’. ಸಮಾಧಾನದ ಧಾಟಿಯಲ್ಲಿ ಹಾಡಿದಾಗ ಮಕ್ಕಳ ಮೈ ಶಾಂತವಾಯಿತು.

ಹಾಡು ಸಿಕ್ಕಿತು. ಈಗ ವೇಗ ಕಟ್ಟಿಕೊಳ್ಳಿ. ಮಗು ಇಲ್ಲದಾಗ, ಹಗಲು ಹೊತ್ತಿನಲ್ಲಿ ಇದನ್ನು ಮಾಡಿ. ಜೋಲಿಯಲ್ಲಿ ಒಂದು ದಿಂಬಿಟ್ಟು ಮೆಲ್ಲಗೆ ಒಮ್ಮೆ ತಳ್ಳಿ ಬಿಡಿ. ಮೊಬೈಲಿನಲ್ಲಿ ಹತ್ತು ಸುತ್ತಿಗೆ ಎಷ್ಟು ಸೆಕೆಂಡ್ ಆಯಿತು ನೋಡಿ. ಇಪ್ಪತ್ತೈದರಿಂದ ಮೂವತ್ತರೊಳಗೆ ಬಂದರೆ, ಪ್ರತಿ ಬೀಸಿಗೆ ಒಂದು ಪೆಟ್ಟಿನಂತೆ ನಾಲ್ಕು ಬೀಸಿಗೆ ಒಂದು ಸಾಲು ಹಾಡಿ. ಹದಿನೈದರ ಹತ್ತಿರ ಬಂದರೆ ತೊಟ್ಟಿಲು ಗಿಡ್ಡದು. ಅಲ್ಲಿ ಪ್ರತಿ ಬೀಸಿಗೂ ಪದ ಹಾಕಲು ಹೋದರೆ ಹಾಡು ಓಡುತ್ತದೆ. ಹೋಗಿ ಬರುವ ಇಡೀ ಸುತ್ತಿಗೆ ಒಂದು ಪೆಟ್ಟು ಎಂದು ಇಟ್ಟುಕೊಳ್ಳಿ. ಸ್ಪ್ರಿಂಗ್ ಹಾಕಿದ ಜೋಲಿಯ ಕಥೆ ಬೇರೆ. ಅದು ಮೇಲೆ ಕೆಳಗೆ ಕುಣಿಯುತ್ತದೆ, ಮಗುವಿನ ತೂಕ ಹೆಚ್ಚಿದಂತೆ ಅದರ ವೇಗವೂ ಬದಲಾಗುತ್ತದೆ. ಅದರಲ್ಲಿ ಎರಡು ಕುಣಿತಕ್ಕೆ ಒಂದು ಪೆಟ್ಟು ಸರಿಹೋಗಬಹುದು. ಹಾಡಿ ನೋಡಿಯೇ ಗೊತ್ತಾಗಬೇಕು.

ತೊಟ್ಟಿಲು ಇಲ್ಲದ ಮನೆಯಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆಯಿರಿ, ಎರಡು ಹೆಜ್ಜೆಗೆ ಒಂದು ಪೆಟ್ಟು. ಅಥವಾ ಮಂಚದ ಮೇಲೆ ಪಕ್ಕದಲ್ಲಿ ಕೂತು ಸೊಂಟದ ಹತ್ತಿರ ಮೆಲ್ಲಗೆ ತಟ್ಟಿ. ತಟ್ಟುವಾಗ ಹೆಚ್ಚಿನವರು ಅವಸರ ಮಾಡುತ್ತಾರೆ. ಒಂದು ತಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದು ಸೆಕೆಂಡಿಗಿಂತ ತುಸು ಜಾಸ್ತಿ ಬಿಡಿ.

ಇನ್ನು ಹೊತ್ತು. ಮಗು ಚಂಡಿ ಹಿಡಿದು ಅಳಲು ಶುರುಮಾಡಿದ ಮೇಲೆ ಜೋಗುಳ ಶುರುಮಾಡುವುದಕ್ಕಿಂತ, ಅದಕ್ಕೂ ಮುಂಚೆ ಶುರುಮಾಡುವುದು ಸುಲಭ. ಕಣ್ಣು ಉಜ್ಜುವುದು, ಕಿವಿ ಎಳೆದುಕೊಳ್ಳುವುದು, ಆಟದ ಸಾಮಾನಿನಿಂದ ಮುಖ ತಿರುಗಿಸುವುದು, ಒಂದೇ ಕಡೆ ಪಿಳಿಪಿಳಿ ನೋಡುವುದು, ಆಕಳಿಕೆ. ಇವು ಕಂಡ ಕೂಡಲೇ ಎತ್ತಿಕೊಳ್ಳಿ. ಹಾಲು ಕುಡಿಸಿ, ತೇಗು ತೆಗೆಸಿ, ಬಟ್ಟೆ ಬದಲಿಸಿ, ದೀಪ ಸಣ್ಣದು ಮಾಡಿ, ಆಮೇಲೆ ಹಾಡು. ಈ ಸಾಲು ಪ್ರತಿ ರಾತ್ರಿ ಹೀಗೇ ಇರಲಿ. ಹಾಡು ಮಾತ್ರ ಕೊನೆಯಲ್ಲೇ ಬರಲಿ.

ಒಂದು ರಾತ್ರಿಯನ್ನು ಹತ್ತಿರದಿಂದ ನೋಡೋಣ

ಇನ್ನೂ ಮಗುಚಿಕೊಳ್ಳಲು ಕಲಿಯದ ನಾಲ್ಕು ತಿಂಗಳ ಮಗು, ಒಂದೂವರೆ ಮೀಟರಿನ ಜೋಲಿ, ಹೊತ್ತು ಎಂಟು ಗಂಟೆ ಎಂದುಕೊಳ್ಳಿ. ಮಗು ಕಿರಿಕಿರಿ ಮಾಡುತ್ತಿದೆ, ಆದರೆ ಜೋರು ಅಳು ಇಲ್ಲ.

ಮೊದಲ ಸುತ್ತಿನಲ್ಲಿ ಹಾಡು ಮಾತಿನ ದನಿಯಲ್ಲೇ ಇರಲಿ. ಮುಖ ಕಾಣುವಂತೆ ನಿಂತು, ಪದಗಳನ್ನು ಸ್ಪಷ್ಟವಾಗಿ, ಮಗುವಿನ ಹೆಸರು ಹಾಕಿ ಹಾಡಿ. ನಾಲ್ಕು ಸಾಲನ್ನು ಆರು ಸಲ ಹಾಡಿದರೆ, ಐದು ಸೆಕೆಂಡಿನ ಲೆಕ್ಕದಲ್ಲಿ ಎರಡು ನಿಮಿಷ. ಕೈಕಾಲು ಬಡಿಯುವುದು ಕಡಿಮೆಯಾದರೆ ಮುಂದಿನ ಮೆಟ್ಟಿಲಿಗೆ ಇಳಿಯಿರಿ. ಆಗದಿದ್ದರೆ ಅಲ್ಲೇ ಇರಿ.

ಎರಡನೇ ಸುತ್ತಿನಲ್ಲಿ ದನಿ ಅರ್ಧ ಮಾಡಿ. ಹೊಸ ಪದ ಹಾಕುವುದನ್ನು ನಿಲ್ಲಿಸಿ. ಕರು, ಕಾಗೆ ಎಲ್ಲ ಬಿಟ್ಟು ಮೊದಲ ಸಾಲೊಂದನ್ನೇ ತಿರುಗಿಸಿ ತಿರುಗಿಸಿ ಹಾಡಿ. ಕೈ ತಳ್ಳುವುದನ್ನೂ ಕಡಿಮೆ ಮಾಡಿ. ಮಗುವಿನ ಕಣ್ಣು ನಿಮ್ಮನ್ನು ಹುಡುಕುವುದು ಬಿಟ್ಟು ಎಲ್ಲೋ ನೆಟ್ಟು ನಿಲ್ಲುತ್ತದೆ, ರೆಪ್ಪೆ ಭಾರವಾಗುತ್ತದೆ. ಇಲ್ಲಿ ಮೂರು ನಾಲ್ಕು ನಿಮಿಷ ಬೇಕಾಗಬಹುದು.

ಮೂರನೇ ಸುತ್ತಿನಲ್ಲಿ ಪದವೇ ಬೇಡ. ಬಾಯಿ ಮುಚ್ಚಿ ಅದೇ ರಾಗವನ್ನು ಗುನುಗಿ. ರೆಪ್ಪೆ ಮುಚ್ಚಿದ ಕೂಡಲೇ ನಿಲ್ಲಿಸಬೇಡಿ. ಇಲ್ಲೇ ಹೆಚ್ಚಿನವರು ಎಡವುವುದು. ಕಣ್ಣು ಮುಚ್ಚಿತು ಎಂದು ಹಾಡು ತಟ್ಟನೆ ನಿಂತರೆ, ನಿಂತದ್ದೇ ಒಂದು ಹೊಸ ಸಂಗತಿಯಾಗಿ ಮಗು ಕಣ್ಣು ಬಿಡುತ್ತದೆ. ಒಂದು ಸಾಲು ಗುನುಗಿ, ಒಂದು ಸಾಲಿನಷ್ಟು ಹೊತ್ತು ಸುಮ್ಮನಿರಿ. ಮತ್ತೆ ಒಂದು ಸಾಲು, ಆಮೇಲೆ ಎರಡು ಸಾಲಿನಷ್ಟು ಮೌನ. ಹೀಗೆ ಹಾಡು ತೆಳುವಾಗುತ್ತಾ ಹೋಗಲಿ. ಮಗುವಿನ ಮುಷ್ಟಿ ಬಿಚ್ಚಿಕೊಂಡು, ಎತ್ತಿದ ಕೈ ಸಡಿಲವಾಗಿ ಬೀಳುವ ಹಾಗಾದರೆ ನಿದ್ದೆ ಕೂತಿದೆ ಎಂದು ತಿಳಿಯಿರಿ.

ಹೆಗಲ ಮೇಲೆ ಮಲಗಿಸಿದವರಿಗೆ ಇನ್ನೊಂದು ಘಟ್ಟವಿದೆ, ಕೆಳಗೆ ಮಲಗಿಸುವುದು. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ಅವರ ತಂಡ 2022ರಲ್ಲಿ 21 ಮಕ್ಕಳ ಹೃದಯಬಡಿತವನ್ನು ಅಳೆಯುತ್ತಾ ಇದನ್ನು ನೋಡಿತು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆದಾಗ ಮಕ್ಕಳು ಅಳು ನಿಲ್ಲಿಸಿದರು, ಸುಮಾರು ಅರ್ಧದಷ್ಟು ಮಕ್ಕಳು ನಿದ್ದೆಯನ್ನೂ ಹೋದರು. ಆದರೆ ಕೂಡಲೇ ಮಲಗಿಸಿದರೆ ಅನೇಕ ಮಕ್ಕಳು ಎದ್ದುಬಿಟ್ಟರು. ಬೆನ್ನು ಹಾಸಿಗೆಗೆ ತಾಗಿದಾಗ ಅಲ್ಲ, ಮೈ ಅಮ್ಮನಿಂದ ಬೇರೆಯಾಗಲು ಶುರುವಾದಾಗಲೇ ಎಚ್ಚರ ಬರುತ್ತಿತ್ತು. ಅವರು ಹೇಳಿದ ಉಪಾಯ ಸರಳ. ನಿದ್ದೆ ಬಂದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಸುಮ್ಮನೆ ಕೂತಿರಿ, ಆಮೇಲೆ ಮಲಗಿಸಿ. ಈ ಐದಾರು ನಿಮಿಷ ಗುನುಗುವುದಕ್ಕೆ ಹೇಳಿ ಮಾಡಿಸಿದ ಹೊತ್ತು. ಮಲಗಿಸಿ ಕೈ ತೆಗೆಯುವಾಗಲೂ ಅದೇ ಗುನುಗು ಇರಲಿ. ಮೈ ಬೇರೆಯಾದರೂ ಸದ್ದು ಬದಲಾಗಲಿಲ್ಲ ಎನ್ನುವಂತಿರಬೇಕು.

ಎರಡು ವಾರ ಬದಲಿಸಬೇಡಿ

ಮೊದಲ ರಾತ್ರಿಯೇ ಕೆಲಸ ಮಾಡಬೇಕು ಎಂದಿಲ್ಲ. ಪರಿಚಯವಿಲ್ಲದ ಜೋಗುಳವೂ ಮಗುವನ್ನು ಸ್ವಲ್ಪ ತಣಿಸುತ್ತದೆ ಎಂದು ಮೇಲೆ ಹೇಳಿದೆ. ಪರಿಚಯದ ಹಾಡಿಗೆ ಇನ್ನೂ ಒಂದು ಬಲವಿದೆ. ಹಾರ್ವರ್ಡ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಐದು ತಿಂಗಳ ಮಕ್ಕಳಿಗೆ ಅಪ್ಪ ಅಮ್ಮ ಒಂದೆರಡು ವಾರ ಮನೆಯಲ್ಲಿ ಒಂದು ಹೊಸ ಹಾಡು ಹಾಡಿದರು. ಆಮೇಲೆ ಇಬ್ಬರು ಅಪರಿಚಿತರನ್ನು ತೋರಿಸಿದಾಗ, ಆ ಹಾಡನ್ನು ಹಾಡಿದವರ ಕಡೆಗೇ ಮಕ್ಕಳು ಹೆಚ್ಚು ಹೊತ್ತು ನೋಡಿದರು. ಮನೆಯಲ್ಲಿ ಹೆಚ್ಚು ಕೇಳಿದವರಲ್ಲಿ ಈ ಒಲವು ಹೆಚ್ಚಿತ್ತು. ಅದೇ ಹಾಡನ್ನು ಆಟಿಕೆಯೊಂದರಿಂದ ಕೇಳಿ ಕಲಿತ ಮಕ್ಕಳಿಗೆ ಆ ಒಲವು ಬರಲಿಲ್ಲ. ರಾಗ ಗುರುತಿತ್ತು, ಆದರೆ ಅದು ‘ನಮ್ಮವರ ಹಾಡು’ ಆಗಿರಲಿಲ್ಲ.

ಅದಕ್ಕೇ ಮೊಬೈಲಿನಲ್ಲಿ ಜೋಗುಳ ಹಾಕಿಟ್ಟು ಪಕ್ಕದ ಕೋಣೆಗೆ ಹೋಗುವುದಕ್ಕಿಂತ, ಅಪಶ್ರುತಿಯಲ್ಲಾದರೂ ನೀವೇ ಹಾಡುವುದು ಮೇಲು. ಅಪ್ಪನ ದಪ್ಪ ದನಿಯಾದರೂ ಸರಿ. ಒಬ್ಬರೇ ಹಾಡಿ ಅಭ್ಯಾಸವಾದರೆ, ಅವರು ಮನೆಯಲ್ಲಿ ಇಲ್ಲದ ರಾತ್ರಿ ಕಷ್ಟವಾಗುತ್ತದೆ. ಹಾಗಾಗಿ ಮನೆಯ ಇಬ್ಬರಾದರೂ ಅದೇ ಹಾಡನ್ನು ಅದೇ ವೇಗದಲ್ಲಿ ಕಲಿತಿರಲಿ.

ಪರದೇಶದಲ್ಲಿರುವ ಕನ್ನಡದ ಮನೆಗಳಲ್ಲಿ ಅಜ್ಜಿಯ ಹಾಡು ವಿಡಿಯೋ ಕರೆಯಲ್ಲಿ ಬರುತ್ತದೆ. ಮಲಗುವ ಹೊತ್ತಿಗೆ ಪರದೆಯ ಬೆಳಕು ಬೇಡ. ಹಗಲು ಹೊತ್ತಿನಲ್ಲಿ ಅಜ್ಜಿ ಹಾಡಲಿ, ಮಗು ಅವರ ಮುಖ ನೋಡಲಿ, ನೀವು ಆ ಸಾಲುಗಳನ್ನು ಅವರಿಂದ ಕಲಿತು ರಾತ್ರಿ ನೀವೇ ಹಾಡಿ. ಜೋಗುಳ ತಾನಾಗಿ ಉಳಿಯುವ ವಸ್ತುವಲ್ಲ. ಪರಾಗ್ವೆಯ ಉತ್ತರ ಅಚೆ ಎಂಬ ಜನರಲ್ಲಿ ಮಕ್ಕಳಿಗೆ ಹಾಡುವ ರೂಢಿಯೇ ಇಲ್ಲ ಎಂದು, ಅವರ ಜೊತೆ ಎಷ್ಟೋ ವರ್ಷ ಕಳೆದ ಸಂಶೋಧಕರು 2025ರಲ್ಲಿ ಬರೆದರು. ಹಿಂದೊಮ್ಮೆ ಇದ್ದದ್ದು ಕಳೆದುಹೋಗಿರಬೇಕು ಎಂದು ಅವರ ಊಹೆ. ಮಾತಾಡಿಸಿ, ನಗಿಸಿ, ಮುಖ ತೋರಿಸಿ ಅಲ್ಲಿಯ ತಾಯಂದಿರೂ ಮಕ್ಕಳನ್ನು ಸಮಾಧಾನ ಮಾಡುತ್ತಾರೆ. ಆದರೆ ಹಾಡು ಇಲ್ಲ.

ಹಾಡು ಸೋಲುವ ಕಡೆ

ಮಗು ಕಿರುಚಿ ಅಳುವಾಗ ಮೆಲ್ಲಗಿನ ಜೋಗುಳ ಅದಕ್ಕೆ ಕೇಳಿಸುವುದೇ ಇಲ್ಲ. ಆಗ ಮೊದಲು ಮಗುವಿನ ಗಮನ ನಿಮ್ಮ ಕಡೆ ಬರಬೇಕು. ಎತ್ತಿಕೊಂಡು, ಪರಿಚಯವಿರುವ ಆಟದ ಹಾಡೊಂದನ್ನು ಲವಲವಿಕೆಯಿಂದ ಶುರುಮಾಡಿ. ಅಳು ತಡೆದು ತಡೆದು ಬರತೊಡಗಿದಾಗ ಮಾತ್ರ ಜೋಗುಳಕ್ಕೆ ಇಳಿಯಿರಿ. ಮಾಂಟ್ರಿಯಲ್‌ನ ಒಂದು ಅಧ್ಯಯನದಲ್ಲಿ ಮಕ್ಕಳು ಹಾಡು ಕೇಳುತ್ತಾ ಸುಮಾರು ಒಂಬತ್ತು ನಿಮಿಷ ಅಳದೆ ಇದ್ದರು, ಮಾತು ಕೇಳುತ್ತಾ ನಾಲ್ಕೇ ನಿಮಿಷ. ಹಾಡು ತುರ್ಕಿ ಭಾಷೆಯದು, ಲವಲವಿಕೆಯದು. ಗಮನ ಹಿಡಿದಿಡಲು ಆಟದ ಹಾಡು, ಇಳಿಸಲು ಜೋಗುಳ. ಎರಡನ್ನೂ ಅದಲುಬದಲು ಮಾಡಿದರೆ ಕೆಲಸ ಕೆಡುತ್ತದೆ.

ಹುಟ್ಟಿದ ಎರಡು ಮೂರು ವಾರಕ್ಕೆ ಅಳು ಹೆಚ್ಚುತ್ತಾ ಹೋಗಿ, ಆರನೇ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುವುದು ಸಾಮಾನ್ಯ. ಆ ದಿನಗಳಲ್ಲಿ ಏನು ಹಾಡಿದರೂ ಕೆಲವೊಮ್ಮೆ ಅಳು ನಿಲ್ಲುವುದಿಲ್ಲ. ಅದು ನಿಮ್ಮ ಹಾಡಿನ ದೋಷವಲ್ಲ. ನಿಮಗೇ ತಡೆಯಲಾಗದಷ್ಟು ಸಿಟ್ಟು ಬಂದರೆ ಮಗುವನ್ನು ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ಐದು ನಿಮಿಷ ಹೊರಗೆ ಹೋಗಿ ಬನ್ನಿ, ಅಥವಾ ಇನ್ನೊಬ್ಬರ ಕೈಗೆ ಕೊಡಿ. ಮಗುವನ್ನು ಯಾವತ್ತೂ ಕುಲುಕಿಸಬಾರದು, ಜೋಲಿಯನ್ನು ಸಿಟ್ಟಿನಲ್ಲಿ ಬೀಸಬಾರದು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಇದ್ದರೆ, ಹಾಲು ಬಿಟ್ಟಿದ್ದರೆ, ಅಳುವಿನ ದನಿಯೇ ಬೇರೆಯಾಗಿದ್ದರೆ, ಹಾಡುತ್ತಾ ಕೂರದೆ ವೈದ್ಯರ ಹತ್ತಿರ ಹೋಗಿ. ಜೋರು ಸದ್ದಿಗೂ ಬೆಚ್ಚದ, ಹಾಡಿಗೂ ಮಾತಿಗೂ ಒಂದೇ ಥರ ಸುಮ್ಮನಿರುವ ಮಗುವಿನ ಕಿವಿಯ ಪರೀಕ್ಷೆ ಬೇಗ ಮಾಡಿಸಿ.

ಜೋಲಿಯ ಬಗ್ಗೆ ಕೊನೆಯದಾಗಿ ಒಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬಟ್ಟೆಯ ಜೋಲಿ ನಡುವೆ ತಗ್ಗಾಗುತ್ತದೆ. ಎಳೆ ಮಗುವಿನ ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರಾಟಕ್ಕೆ ತೊಂದರೆ. ಆದ್ದರಿಂದ ಜೋಲಿ ಮಲಗಿಸುವುದಕ್ಕೆ, ಹಾಸಿಗೆ ಮಲಗಿರುವುದಕ್ಕೆ. ನಿದ್ದೆ ಕೂತ ಮೇಲೆ ಗಟ್ಟಿಯಾದ, ಸಮನಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ದಿಂಬು, ಸಡಿಲ ಹೊದಿಕೆ, ಬೊಂಬೆ ಹತ್ತಿರ ಬೇಡ. ಮಗು ಜೋಲಿಯಲ್ಲಿ ಇರುವಷ್ಟು ಹೊತ್ತು ಒಬ್ಬರು ಕಣ್ಣೆದುರೇ ಇರಿ. ಮಗುಚಿಕೊಳ್ಳಲು ಕಲಿತ ಮೇಲೆ ಜೋಲಿ ಬಿಟ್ಟುಬಿಡಿ, ಕಟ್ಟಿದ ಸೀರೆಯನ್ನು ದೊಡ್ಡ ಮಕ್ಕಳ ಕೈಗೆ ಸಿಗುವಂತೆ ಇಳಿಬಿಡಬೇಡಿ, ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ಎಂದಾದರೂ ರೆಕಾರ್ಡ್ ಮಾಡಿದ ಹಾಡು ಹಾಕಲೇಬೇಕಾಗಿ ಬಂದರೆ ಮೊಬೈಲನ್ನು ಮಗುವಿನ ತಲೆಯ ಹತ್ತಿರ ಇಡಬೇಡಿ. ಎರಡು ಮೀಟರ್ ದೂರವಿಟ್ಟು, ಪಿಸುಮಾತಿಗಿಂತ ಸ್ವಲ್ಪವೇ ಹೆಚ್ಚು ಸದ್ದಿನಲ್ಲಿ ಹಾಕಿ, ನಿದ್ದೆ ಬಂದ ಮೇಲೆ ನಿಲ್ಲಿಸಿ.

ಜೋಲಿ ಬಿಟ್ಟ ಮೇಲೂ ಹಾಡನ್ನು ಬದಲಿಸಬೇಕಿಲ್ಲ. ಅದೇ ಸಾಲು, ಅದೇ ವೇಗ, ಈಗ ತೂಗುವ ಕೈಯ ಜಾಗದಲ್ಲಿ ಸೊಂಟದ ಮೇಲಿನ ತಟ್ಟು. ಮೊದಲ ಕೆಲವು ರಾತ್ರಿ ಹೊತ್ತು ಜಾಸ್ತಿ ಹಿಡಿಯುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಮಾತು ಬರುವ ಹೊತ್ತಿಗೆ ‘ಜೋ ಜೋ’ ಎಂದು ಸಾಲಿನ ಕೊನೆಯನ್ನು ಮಗುವೇ ಹೇಳತೊಡಗಬಹುದು. ಆಗ ಸಾಲಿನ ಕೊನೆಗೆ ಒಂದು ಚೂರು ತಡೆದು, ಅದಕ್ಕೆ ಹೇಳಲು ಜಾಗ ಬಿಡಿ. ಯಾರನ್ನು ಮಲಗಿಸಬೇಕು ಎಂದೂ ಕೇಳಬಹುದು. ನಾಯಿ, ಟ್ರಾಕ್ಟರ್, ಚಿಕ್ಕಮ್ಮ, ಅದು ಹೇಳಿದವರನ್ನೆಲ್ಲ ಒಬ್ಬೊಬ್ಬರಾಗಿ ಮಲಗಿಸಿ, ಕೊನೆಗೆ ಅದರ ಹೆಸರಿಗೆ ಬನ್ನಿ.